ಪಾಪುವಿನ ನಾಲಿಗೆಯ ಬಿಳಿ ಎರಡನೇ ಸಲ ಬಂದಾಗ

ಬಾಣಂತನಕ್ಕೆ ನಾನು ಮಧುಗಿರಿ ತಾಲ್ಲೂಕಿನ ನಮ್ಮ ಅಮ್ಮನ ಮನೆಯಲ್ಲಿದ್ದೆ. ಪಾಪುಗೆ ಆಗ ಏಳು ವಾರ. ಒಂದು ಬೆಳಿಗ್ಗೆ ಎಣ್ಣೆ ಹಚ್ಚಿ ನೀರು ಹಾಕಿಸಿ, ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಅಮ್ಮ, ಮಗು ಆಕಳಿಸಿದಾಗ ಬಾಯೊಳಗೆ ಬಗ್ಗಿ ನೋಡಿ, "ನಾಲಿಗೆ ಮೇಲೆ ಹಾಲು ಹಂಗೇ ಕೂತೈತೆ ನೋಡೇ, ಬಟ್ಟೇಲಿ ಒರೆಸು" ಅಂದರು. ನಾನೂ ಹಾಲೇ ಅಂದುಕೊಂಡೆ. ಶುಭ್ರವಾದ ಮೆತ್ತನೆ ಬಟ್ಟೆಯನ್ನು ಕುದಿಸಿ ಆರಿಸಿದ ನೀರಲ್ಲಿ ಅದ್ದಿ ನಾಲಿಗೆ ಒರೆಸಿದೆ. ಮಧ್ಯದಲ್ಲಿದ್ದ ತೆಳು ಬಿಳುಪು ಹೋಯಿತು, ಅದು ಹಾಲೇ ಆಗಿತ್ತು. ಆದರೆ ಎರಡೂ ಕೆನ್ನೆಗಳ ಒಳಗೆ, ಮೇಲ್ದುಟಿಯ ಹಿಂದೆ ಮತ್ತು ನಾಲಿಗೆಯ ಅಂಚಿನಲ್ಲಿದ್ದ ಬಿಳಿ ಅಲುಗಲಿಲ್ಲ. ಒಡೆದ ಮೊಸರಿನ ಸಣ್ಣ ಸಣ್ಣ ಗಂಟುಗಳನ್ನು ಅಂಟಿಸಿದ ಹಾಗೆ ಕಾಣುತ್ತಿತ್ತು. ಇನ್ನೊಂದು ಸಲ ಸ್ವಲ್ಪ ಒತ್ತಿದೆ, ಒಂದು ಚುಕ್ಕೆ ಎದ್ದು ಬಂತು. ಅದರಡಿಯ ಚರ್ಮ ಹಸಿ ಗಾಯದಂತೆ ಕೆಂಪಾಗಿ, ಎಳೆ ರಕ್ತ ಜಿನುಗಿತು. ಮಗು ಕಿರುಚಿಕೊಂಡಿತು. ನನ್ನ ಕೈಕಾಲು ತಣ್ಣಗಾದವು.

ಹಾಲಿಗೂ ಥ್ರಶ್ ಎಂಬ ಬಾಯಿಯ ಫಂಗಸ್ ಸೋಂಕಿಗೂ ಇರುವ ಗುರುತಿನ ವ್ಯತ್ಯಾಸ ಇದೇ ಎಂದು ಆಮೇಲೆ ಗೊತ್ತಾಯಿತು. ಹಾಲಾದರೆ ಒರೆಸಿದರೆ ಹೋಗುತ್ತದೆ, ಸಾಮಾನ್ಯವಾಗಿ ನಾಲಿಗೆಯ ಮೇಲಷ್ಟೇ ಇರುತ್ತದೆ. ಥ್ರಶ್ ಆದರೆ ಕೆನ್ನೆಯ ಒಳಗೂ ವಸಡಿಗೂ ಹಿಡಿದಿರುತ್ತದೆ, ಒರೆಸಿದರೆ ಹೋಗುವುದಿಲ್ಲ, ಬಲವಂತವಾಗಿ ಕಿತ್ತರೆ ರಕ್ತ ಬರುತ್ತದೆ. ಹಾಗಾಗಿ ಕಿತ್ತು ನೋಡುವ ಪರೀಕ್ಷೆಯನ್ನು ಯಾರೂ ಮಾಡುವುದು ಬೇಡ, ಕೆನ್ನೆಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಸಾಕು.

ಪಕ್ಕದ ಮನೆಯ ಅಜ್ಜಿ ಒಬ್ಬರು ಬಂದು ಬಿಳಿಗಾರವನ್ನು ಹೆಂಚಿನ ಮೇಲೆ ಹುರಿದು, ಪುಡಿ ಮಾಡಿ, ಜೇನುತುಪ್ಪದಲ್ಲಿ ಕಲಸಿ ಬೆರಳಲ್ಲಿ ಸವರಿ ಎಂದರು. ಅವರ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದರಂತೆ. ಅವರ ಮಾತಿನಲ್ಲಿ ಅಕ್ಕರೆ ಇತ್ತು. ಆದರೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು, ಇದಕ್ಕೆ ಮಾತ್ರ ಒಪ್ಪಲಿಲ್ಲ. ಬಿಳಿಗಾರ ಹಸುಗೂಸಿನ ಹೊಟ್ಟೆಗೆ ಹೋದರೆ ವಿಷ. ಜೇನುತುಪ್ಪದಲ್ಲಿ ಬಾಟುಲಿಸಂ ಎಂಬ ರೋಗ ತರುವ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು, ಒಂದು ವರ್ಷದೊಳಗಿನ ಮಗುವಿನ ಕರುಳು ಅವನ್ನು ತಡೆಯಲಾರದು. ಅಜ್ಜಿಗೆ ಕೈ ಮುಗಿದು, "ಡಾಕ್ಟರ್ ಹತ್ರ ತೋರಿಸ್ಕೊಂಡು ಬಂದ್ಬಿಡ್ತೀನಿ ಅಜ್ಜಿ" ಎಂದು ತುಮಕೂರಿನ ಬಸ್ಸು ಹತ್ತಿದೆವು.

ಮಕ್ಕಳ ಡಾಕ್ಟರ್ ಮೇಡಂ ಟಾರ್ಚ್ ಹಾಕಿ ಒಂದೇ ನೋಟಕ್ಕೆ ಹೇಳಿದರು. ಕ್ಯಾಂಡಿಡಾ ಎಂಬ ಫಂಗಸ್, ಬ್ರೆಡ್ ಉಬ್ಬಿಸುತ್ತಾರಲ್ಲ ಆ ಯೀಸ್ಟಿನಂಥದ್ದೇ ಒಂದು ಜೀವಿ. ಅದು ನಮ್ಮಲ್ಲಿ ಬಹಳ ಜನರ ಬಾಯಲ್ಲೂ ಕರುಳಲ್ಲೂ ಸ್ವಲ್ಪ ಸ್ವಲ್ಪ ಇರುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ. ಪಾಪುಗೆ ಹುಟ್ಟಿದ ಹೊಸದರಲ್ಲಿ ಸೋಂಕಾಗಿ ಒಂದು ವಾರ ಆಂಟಿಬಯಾಟಿಕ್ ಹಾಕಿದ್ದರು. ಆ ಔಷಧಿ ರೋಗದ ಬ್ಯಾಕ್ಟೀರಿಯಾದ ಜೊತೆಗೆ ಕಾವಲಿನ ಬ್ಯಾಕ್ಟೀರಿಯಾವನ್ನೂ ತೆಗೆದುಬಿಡುತ್ತದೆ, ಫಂಗಸ್‌ಗೆ ಜಾಗ ಸಿಗುತ್ತದೆ. ಜೊತೆಗೆ ಎಳೆಮಗುವಿನ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಹೆದರುವಂಥದ್ದಲ್ಲ ಎಂದು ಹೇಳಿ ನಿಸ್ಟಾಟಿನ್ ಡ್ರಾಪ್ಸ್ ಬರೆದುಕೊಟ್ಟರು. ಒಂದು ಎಂಎಲ್‌ನಲ್ಲಿ 1 ಲಕ್ಷ ಯೂನಿಟ್ ಇರುವ ಔಷಧಿ, ದಿನಕ್ಕೆ ನಾಲ್ಕು ಸಲ, ಸಲಕ್ಕೆ 1 ಎಂಎಲ್, ಹಾಲು ಕುಡಿಸಿದ ಮೇಲೆ. ಇದು ನಮ್ಮ ಮಗುವಿಗೆ ಬರೆದ ಪ್ರಮಾಣ. ಮಗುವನ್ನು ನೋಡಿ ಕೆಲವು ಡಾಕ್ಟರುಗಳು ಸಲಕ್ಕೆ 2 ಎಂಎಲ್ ಕೂಡ ಬರೆಯುತ್ತಾರೆ, ಆದ್ದರಿಂದ ನಿಮ್ಮ ಚೀಟಿಯಲ್ಲಿ ಇರುವುದೇ ನಿಮ್ಮ ಅಳತೆ.

ಮನೆಗೆ ಬಂದು ಹಾಕಲು ಶುರು ಮಾಡಿದೆ. ಮೂರನೇ ದಿನಕ್ಕೆ ಗಂಟುಗಳು ತೆಳುವಾದವು. ಐದನೇ ದಿನ ಟಾರ್ಚ್ ಹಾಕಿ ನೋಡಿದರೆ ಬಾಯೆಲ್ಲ ಗುಲಾಬಿ ಬಣ್ಣ, ಎಲ್ಲೂ ಬಿಳಿ ಇಲ್ಲ. ಅಂದೇ ಸಂಜೆ ಔಷಧಿ ನಿಲ್ಲಿಸಿದೆ. ಎಳೆಮಗುವಿನ ಬಾಯಿಗೆ ಬೇಡದ ಔಷಧಿ ಯಾಕೆ ಎಂಬುದೊಂದೇ ನನ್ನ ಯೋಚನೆ. ಅದಾಗಿ ಐದು ದಿನ ಕಳೆದಿರಲಿಲ್ಲ, ಕೆಳದುಟಿಯ ಒಳಗೆ ಎರಡು ಚುಕ್ಕೆ ಕಂಡವು. ಮರುದಿನ ಬೆಳಿಗ್ಗೆ ಕೆನ್ನೆ ತುಂಬ ಹರಡಿತ್ತು. ಮಗು ನಿಪ್ಪಲ್ ಬಾಯಿಗಿಟ್ಟರೆ ಎರಡು ಗುಟುಕು ಎಳೆದು, ಬಿಟ್ಟು, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಅಳುತ್ತಿತ್ತು. ಹಸಿವೆಯೂ ಇದೆ, ಕುಡಿದರೆ ಉರಿಯೂ ಇದೆ. ಅದನ್ನು ನೋಡುತ್ತ ಕೂರುವುದು ಬಹಳ ಕಷ್ಟ.

ಎರಡನೇ ಸಲ ಹೋದಾಗ ಮೇಡಂ ಔಷಧಿ ಬದಲಿಸುತ್ತಾರೆ, ಇನ್ನೂ ಜೋರಾದದ್ದು ಕೊಡುತ್ತಾರೆ ಅಂದುಕೊಂಡಿದ್ದೆ. ಅವರು ಮೊದಲು ಕೇಳಿದ್ದು ಔಷಧಿಯ ಬಗ್ಗೆ ಅಲ್ಲ. "ಬಾಟಲಿ ತಂದಿದ್ದೀಯೇನಮ್ಮಾ?" ಅಂದರು. ನನಗೆ ಹಾಲು ಸಾಲದೆ ಎದೆಹಾಲಿನ ಜೊತೆಗೆ ಡಬ್ಬಿ ಹಾಲೂ ಕೊಡುತ್ತಿದ್ದೆ, ದಿನಕ್ಕೆ ಐದಾರು ಸಲ. ಚೀಲದಲ್ಲಿದ್ದ ಬಾಟಲಿ ಕೊಟ್ಟೆ. ಅವರು ನಿಪ್ಪಲನ್ನು ಪ್ಲಾಸ್ಟಿಕ್ ಬಳೆಯಿಂದ ಬಿಡಿಸಿ, ಬೆರಳಲ್ಲಿ ಒತ್ತಿ ಒಳಗಿನದನ್ನು ಹೊರಗೆ ಮಗುಚಿ ಕಿಟಕಿ ಬೆಳಕಿಗೆ ಹಿಡಿದರು. "ಇಲ್ಲಿ ಮುಟ್ಟಿ ನೋಡು."

ಮುಟ್ಟಿದೆ. ತುದಿಯ ಒಳಭಾಗ, ಮಗು ನಾಲಿಗೆಯಿಂದ ಒತ್ತುವ ಆ ಗುಮ್ಮಟ, ನುಣುಪಾಗಿ ಇರಬೇಕಾದದ್ದು, ತೆಳುವಾದ ಮರಳು ಕಾಗದದ ಹಾಗೆ ತರಿತರಿಯಾಗಿತ್ತು. ಅದರ ಮೇಲೆ ಜಿಡ್ಡಿನ ಪೊರೆ. ಕೆಳಗೆ ಬಳೆ ಕೂರುವ ತೋಡಿನಲ್ಲಿ ಹಳದಿ ಬಣ್ಣಕ್ಕೆ ತಿರುಗಿದ ಹಾಲಿನ ಗೆರೆ. ಪ್ರತಿ ಸಲ ಕುಡಿಸಿದ ಮೇಲೆ ನಾನು ಇದನ್ನು ತೊಳೆಯುತ್ತಿದ್ದೆ, ದಿನಕ್ಕೊಮ್ಮೆ ಬಿಸಿನೀರೂ ಹಾಕುತ್ತಿದ್ದೆ. ಆದರೆ ಮಗುಚಿ ನೋಡಿರಲಿಲ್ಲ.

ಆಗ ಅವರು ವಿಷಯವನ್ನು ಬಿಡಿಸಿ ಹೇಳಿದರು. ನಿಸ್ಟಾಟಿನ್ ರಕ್ತಕ್ಕೆ ಸೇರಿ ಕೆಲಸ ಮಾಡುವ ಔಷಧಿಯಲ್ಲ. ಕರುಳಿನಿಂದ ಅದು ಹೀರಲ್ಪಡುವುದು ಇಲ್ಲವೆನ್ನುವಷ್ಟು ಕಡಿಮೆ, ಮಗುವಿಗೆ ಅದು ಅಷ್ಟು ಸುರಕ್ಷಿತ ಆಗಿರುವುದೂ ಅದಕ್ಕೇ. ಫಂಗಸ್ಸಿನ ಜೀವಕೋಶದ ಹೊರಪೊರೆಯಲ್ಲಿ ಎರ್ಗೋಸ್ಟೆರಾಲ್ ಎಂಬ ವಸ್ತುವಿದೆ, ಔಷಧಿ ಅದಕ್ಕೆ ಅಂಟಿಕೊಂಡು ಪೊರೆಯಲ್ಲಿ ತೂತು ಮಾಡುತ್ತದೆ. ಆದ್ದರಿಂದ ಎಲ್ಲಿ ಮುಟ್ಟುತ್ತದೋ ಅಲ್ಲಿ ಮಾತ್ರ, ಎಷ್ಟು ಹೊತ್ತು ಮುಟ್ಟಿರುತ್ತದೋ ಅಷ್ಟು ಹೊತ್ತು ಮಾತ್ರ ಕೆಲಸ. "ನೀನು ದಿನಕ್ಕೆ ನಾಲ್ಕು ಸಲ ಔಷಧಿ ಹಾಕ್ತೀಯ. ಈ ನಿಪ್ಪಲ್ ಆರು ಸಲ ಅದೇ ಫಂಗಸ್ಸನ್ನ ವಾಪಸ್ ಬಾಯಿಗೆ ಹಾಕುತ್ತೆ. ಔಷಧಿ ಸೋತಿಲ್ಲಮ್ಮ, ಅದಕ್ಕೆ ಅವಕಾಶ ಸಿಕ್ಕಿಲ್ಲ" ಅಂದರು.

ನಂತರ ಪಾಪುವಿನ ನ್ಯಾಪಿ ಬಿಚ್ಚಿಸಿ ತೊಡೆಸಂದು ನೋಡಿದರು. ಬಾಯಿಯ ಫಂಗಸ್ ಹೊಟ್ಟೆಯ ಮೂಲಕ ಇಳಿದು ಅಲ್ಲೂ ಹಿಡಿಯುವುದುಂಟಂತೆ. ಮಡಿಕೆಗಳಲ್ಲಿ ಗಾಢ ಕೆಂಪು, ಅದರ ಸುತ್ತ ಚದುರಿದಂತೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳು ಇದ್ದರೆ ಅದಕ್ಕೆ ಬೇರೆ ಮುಲಾಮು ಬೇಕು. ನಮ್ಮ ಪುಣ್ಯಕ್ಕೆ ಇರಲಿಲ್ಲ. ಕೊನೆಗೆ ನನ್ನನ್ನು ಕೇಳಿದರು, ಹಾಲು ಕುಡಿಸುವಾಗ ನೋವಿದೆಯೇ ಎಂದು. ಇತ್ತು. ಒಂದು ವಾರದಿಂದ ಮೊಲೆತೊಟ್ಟು ಉರಿಯುತ್ತಿತ್ತು, ಕುಡಿಸಿ ಮುಗಿದ ಮೇಲೂ ಒಳಗೆ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ಚರ್ಮ ಮಿರಮಿರ ಹೊಳೆಯುತ್ತಿತ್ತು. ಬಾಣಂತಿಗೆ ಇದೆಲ್ಲ ಇದ್ದದ್ದೇ ಎಂದು ನಾನು ಯಾರಿಗೂ ಹೇಳಿರಲಿಲ್ಲ. ನನಗೂ ಒಂದು ಮುಲಾಮು ಬರೆದರು. ತಾಯಿಗೂ ಮಗುವಿಗೂ ಒಂದೇ ದಿನ ಶುರು ಮಾಡಬೇಕು, ಇಲ್ಲದಿದ್ದರೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗಿ ಬಂದು ಮಾಡುತ್ತಿರುತ್ತದೆ. ಎದೆಹಾಲು ನಿಲ್ಲಿಸಬೇಕೇ ಎಂದು ಕೇಳಿದೆ. ಬೇಡವೇ ಬೇಡ ಅಂದರು. ಕುಡಿಸಿದ ಮೇಲೆ ತೆಳ್ಳಗೆ ಸವರಿ, ಮುಂದಿನ ಸಲ ಕುಡಿಸುವ ಮುಂಚೆ ಮೇಲೆ ಉಳಿದದ್ದನ್ನು ಮೆತ್ತಗೆ ಒರೆಸಿದರಾಯಿತು.

ಔಷಧಿ ಮಾತ್ರ ಅದೇ ನಿಸ್ಟಾಟಿನ್. ಹಾಕುವ ರೀತಿ ಬದಲಾಯಿತು.

ಮೊದಲ ಸಲ ನಾನು ಹೇಗೆ ಹಾಕುತ್ತಿದ್ದೆ ಎಂದರೆ, ಡ್ರಾಪರ್‌ನಲ್ಲಿ 1 ಎಂಎಲ್ ಎಳೆದು ನಾಲಿಗೆಯ ಮೇಲೆ ಒಟ್ಟಿಗೆ ಬಿಡುತ್ತಿದ್ದೆ. ಮಗು ಒಂದೇ ಗುಟುಕಿಗೆ ನುಂಗುತ್ತಿತ್ತು. ಔಷಧಿ ಬಿಳಿ ಇರುವ ಕೆನ್ನೆಯನ್ನು ಮುಟ್ಟದೆ ನೇರ ಹೊಟ್ಟೆಗೆ. ಡ್ರಾಪರ್‌ನ ತುದಿ ನಾಲಿಗೆಗೆ ತಾಗಿರುತ್ತಿತ್ತು, ಅದನ್ನೇ ಮತ್ತೆ ಶೀಸೆಯೊಳಗೆ ಅದ್ದಿ ಮುಚ್ಚಿಡುತ್ತಿದ್ದೆ. ಮೇಡಂ ಆ ಶೀಸೆಯನ್ನು ಎಸೆದುಬಿಡಲು ಹೇಳಿದರು.

ಹೊಸ ಶೀಸೆಗೆ ನಾವು ಅನುಸರಿಸಿದ ಕ್ರಮ ಹೀಗೆ. ಮೊದಲು ಸೋಪು ಹಾಕಿ ಕೈ ತೊಳೆಯುವುದು. ಆಮೇಲೆ ಶೀಸೆಯನ್ನು ಚೆನ್ನಾಗಿ ಕುಲುಕುವುದು. ಈ ಔಷಧಿ ನೀರಿನಲ್ಲಿ ಕರಗಿರುವುದಿಲ್ಲ, ಹಳದಿ ಪುಡಿ ನೀರಿನಲ್ಲಿ ತೇಲುತ್ತಿರುತ್ತದೆ ಅಷ್ಟೆ. ರಾತ್ರಿಯಿಡೀ ಇಟ್ಟ ಶೀಸೆಯನ್ನು ಬೆಳಿಗ್ಗೆ ನೋಡಿ, ತಳದಲ್ಲಿ ರಾಗಿ ಅಂಬಲಿ ತಳ ಕಂಡ ಹಾಗೆ ಕೂತಿರುತ್ತದೆ. ಕುಲುಕದೆ ಎಳೆದರೆ ಮೊದಲ ದಿನಗಳಲ್ಲಿ ಮೇಲಿನ ತಿಳಿ ಹೋಗುತ್ತದೆ, ಔಷಧಿಯೆಲ್ಲ ತಳದಲ್ಲೇ ಉಳಿಯುತ್ತದೆ. ನಾನು ತಳದ ಹಳದಿ ಪೂರ್ತಿ ಬಿಡುವವರೆಗೆ ಕುಲುಕುತ್ತಿದ್ದೆ.

ಮಗುವಿಗೆ ಹಾಲು ಕುಡಿಸಿ, ಹೆಗಲ ಮೇಲೆ ಹಾಕಿ ತೇಗು ಬರಿಸಿ, ಆಮೇಲೆ ತಲೆ ಸ್ವಲ್ಪ ಎತ್ತರವಾಗಿರುವಂತೆ ಮಡಿಲಲ್ಲಿ ಮಲಗಿಸಿಕೊಳ್ಳುತ್ತಿದ್ದೆ. ಮುಖವನ್ನು ನನ್ನ ಕಡೆ ಸ್ವಲ್ಪ ತಿರುಗಿಸಿ, ಕೆಳಗಿನ ಕೆನ್ನೆಯ ಚೀಲದೊಳಗೆ, ವಸಡಿಗೂ ಕೆನ್ನೆಗೂ ನಡುವೆ, ಹನಿ ಹನಿಯಾಗಿ ಅರ್ಧ ಎಂಎಲ್. ನಾಲ್ಕೈದು ಹನಿ ಬಿಟ್ಟು ನಿಲ್ಲಿಸಿ, ಮಗು ಬಾಯಿ ಆಡಿಸಲಿ ಎಂದು ಕಾಯುವುದು, ಮತ್ತೆ ಬಿಡುವುದು. ನಂತರ ಇನ್ನೊಂದು ಕಡೆ ತಿರುಗಿಸಿ ಉಳಿದ ಅರ್ಧ. ಗಂಟಲಿನ ಕಡೆಗೆ ಬಿಟ್ಟರೆ ಮಗು ಕೆಮ್ಮುತ್ತದೆ, ಹಾಗಾಗಿ ಬದಿಗೇ ಬಿಡಬೇಕು. ತುಟಿಯ ಹಿಂದಿನ ಚುಕ್ಕೆಗಳಿಗೆ ಹನಿ ನಿಲ್ಲುತ್ತಿರಲಿಲ್ಲ. ಅಲ್ಲಿಗೆ ಎರಡು ಹನಿಯನ್ನು ತೊಳೆದ ಬೆರಳ ತುದಿಗೆ ಹಾಕಿಕೊಂಡು ಒತ್ತದೆ ಸವರುತ್ತಿದ್ದೆ. ಕೊನೆಗೆ ಮಗು ಔಷಧಿ ನುಂಗುತ್ತದೆ, ನುಂಗಿದರೆ ತೊಂದರೆಯಿಲ್ಲ. ಕೆಲವು ಮಕ್ಕಳಿಗೆ ಒಂದೆರಡು ಸಲ ಭೇದಿ ತೆಳ್ಳಗಾಗುತ್ತದೆ ಎಂದಿದ್ದರು, ನಮ್ಮ ಮಗುವಿಗೆ ಎರಡನೇ ದಿನ ಆಗಿ ನಿಂತಿತು.

ಹಾಕಿದ ಮೇಲೆ ಅರ್ಧ ಗಂಟೆ ಬಾಯಿಗೆ ಏನೂ ಹೋಗಬಾರದು, ಹೋದರೆ ಹಾಲು ಔಷಧಿಯನ್ನು ತೊಳೆದುಕೊಂಡು ಹೋಗುತ್ತದೆ. ಊಟವಾದ ಮೇಲೆ ಹಾಕಿ ಎನ್ನುವುದು ಇದಕ್ಕೇ. ಹೊಟ್ಟೆ ತುಂಬಿದ ಮಗು ನಿದ್ದೆಗೆ ಜಾರುತ್ತದೆ, ಔಷಧಿ ಕೆನ್ನೆಯಲ್ಲಿ ನಿಲ್ಲುತ್ತದೆ. ನಾನು ಬೆಳಿಗ್ಗೆ ಆರು, ಹನ್ನೊಂದು, ಸಂಜೆ ನಾಲ್ಕು, ರಾತ್ರಿ ಒಂಬತ್ತು ಎಂದು ಹೊತ್ತು ಮಾಡಿಕೊಂಡೆ. ಮಧ್ಯರಾತ್ರಿ ಎಬ್ಬಿಸುವ ಅಗತ್ಯ ಬೀಳಲಿಲ್ಲ. ಒಮ್ಮೆ ಹನ್ನೊಂದರದ್ದು ಮರೆತು ಒಂದೂವರೆಗೆ ನೆನಪಾಯಿತು, ಆಗಲೇ ಹಾಕಿದೆ. ಮುಂದಿನದಕ್ಕೆ ಎರಡರಷ್ಟು ಹಾಕಲಿಲ್ಲ. ಪ್ರತಿ ಸಲವೂ ಡ್ರಾಪರ್ ಬಾಯಿಗೆ ತಾಗದಂತೆ ನೋಡಿಕೊಂಡೆ. ತಾಗಿದ ದಿನ ಅದನ್ನು ಕುದಿಸಿ ಆರಿಸಿದ ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಶೀಸೆಗೆ ಹಾಕಿದೆ.

ಇನ್ನು ನಿಪ್ಪಲ್. ನಿಜವಾದ ಕೆಲಸ ಇದ್ದದ್ದು ಇಲ್ಲಿ.

ನಮ್ಮೂರ ನೀರು ನಿಮಗೆ ಗೊತ್ತಿರಬಹುದು. ಮಧುಗಿರಿ, ಪಾವಗಡ, ಶಿರಾ ಕಡೆ ಬೋರ್‌ವೆಲ್ ನೀರು ಗಡಸು, ಸೋಪು ನೊರೆ ಬರುವುದಿಲ್ಲ, ಸ್ನಾನದ ಹಂಡೆಯ ಒಳಗೆ ಬೆರಳು ದಪ್ಪ ಸುಣ್ಣ ಕಟ್ಟಿರುತ್ತದೆ. ನಾನು ಅದೇ ನೀರನ್ನು ಕಾಯಿಸಿ ನಿಪ್ಪಲ್‌ಗೆ ಹಾಕುತ್ತಿದ್ದೆ. ಒಳಗಿನ ಆ ತರಿತರಿ ಬಿಳಿ ಹಾಲಷ್ಟೇ ಅಲ್ಲ, ಅದರಡಿ ಸುಣ್ಣದ ಪೊರೆಯೂ ಇತ್ತು. ನುಣುಪಾದ ಸಿಲಿಕೋನಿನ ಮೇಲೆ ಹಾಲಿನ ಜಿಡ್ಡು ನಿಲ್ಲುವುದು ಕಷ್ಟ, ಸುಣ್ಣದ ತರಿಯ ಮೇಲೆ ಸುಲಭವಾಗಿ ನಿಲ್ಲುತ್ತದೆ. ಆ ಜಿಡ್ಡಿನಡಿ ಫಂಗಸ್ ಬೆಚ್ಚಗೆ ಕೂರುತ್ತದೆ. ಬಿಸಿನೀರು ಮೇಲಿಂದ ಸುರಿದರೆ ಅದರ ತನಕ ಬಿಸಿ ಮುಟ್ಟುವುದಿಲ್ಲ.

ಇನ್ನೊಂದು ತಪ್ಪನ್ನು ಹಿಡಿದದ್ದು ಅಪ್ಪ. ಅಪ್ಪ ಇಪ್ಪತ್ತು ವರ್ಷದಿಂದ ದಿನಕ್ಕೆರಡು ಹೊತ್ತು ಊರಿನ ಡೈರಿಗೆ ಹಾಲು ಹಾಕುವವರು. ನಾನು ಹಾಲು ಮುಗಿದ ಬಾಟಲಿಗೆ ನೇರ ಕುದಿಯುವ ನೀರು ಹಾಕುವುದನ್ನು ನೋಡಿ, "ಏನವ್ವಾ ಹಂಗ್ ಮಾಡ್ತೀಯಾ? ಕ್ಯಾನಿಗೆ ಮೊದಲೇ ಬಿಸಿನೀರು ಹುಯ್ದರೆ ಹಾಲು ಬೆಂದು ಹತ್ಕೊಳುತ್ತೆ. ಮೊದ್ಲು ತಣ್ಣೀರಲ್ಲಿ ಗಲಬರಿಸು, ಆಮೇಲೆ ಸೋಪು, ಆಮೇಲೆ ಬಿಸಿನೀರು" ಅಂದರು. ಹಾಲಿನ ಪ್ರೋಟೀನು ಬಿಸಿಗೆ ಗಟ್ಟಿಯಾಗಿ ಮೇಲ್ಮೈಗೆ ಅಂಟುತ್ತದೆ. ಕೆನೆ ಪಾತ್ರೆಯ ಅಂಚಿಗೆ ಹತ್ತಿದ ಹಾಗೆ. ಇದನ್ನು ನಾನು ಮಕ್ಕಳಿಗೆ ಪಾಠ ಮಾಡಿದ್ದೇನೆ, ನನ್ನ ಕೈಯಲ್ಲಿದ್ದ ಬಾಟಲಿಗೆ ಅನ್ವಯಿಸಿದ್ದು ಅಪ್ಪ.

ಹಳೆಯ ನಿಪ್ಪಲ್ ಮೂರನ್ನೂ ಬಿಸಾಡಿದೆ. ಅವುಗಳಲ್ಲಿ ಒಂದು ರಬ್ಬರಿನದು, ಬಿಸಿನೀರು ಹಾಕಿ ಹಾಕಿ ಉಬ್ಬಿ ಅಂಟಂಟಾಗಿತ್ತು, ತೂತಿನ ಬಳಿ ಕೂದಲೆಳೆಯಷ್ಟು ಬಿರುಕು. ಬಿರುಕಿನೊಳಗೆ ಬ್ರಷ್ ಹೋಗುವುದಿಲ್ಲ. ಹಾಗಾದ ನಿಪ್ಪಲನ್ನು ಎಷ್ಟು ತೊಳೆದರೂ ಉಪಯೋಗವಿಲ್ಲ, ಜೊತೆಗೆ ಅದು ಹರಿದು ತುಂಡು ಬಾಯಿಗೆ ಹೋಗುವ ಭಯ ಬೇರೆ. ಹೊಸದಾಗಿ ಆರು ಸಿಲಿಕೋನ್ ನಿಪ್ಪಲ್ ತಂದೆವು. ಆರು ಯಾಕೆಂದರೆ ಒಂದೊಂದು ಸಲ ಕುಡಿಸುವುದಕ್ಕೂ ಕುದಿಸಿದ್ದೊಂದು ಸಿದ್ಧವಾಗಿರಬೇಕು. ಒಂದೇ ನಿಪ್ಪಲ್ ಇಟ್ಟುಕೊಂಡರೆ ರಾತ್ರಿ ಎರಡು ಗಂಟೆಗೆ ಮಗು ಅಳುವಾಗ ಯಾರೂ ಹತ್ತು ನಿಮಿಷ ಕುದಿಸುವುದಿಲ್ಲ, ನೀರಲ್ಲಿ ಅದ್ದಿ ಕೊಟ್ಟುಬಿಡುತ್ತೇವೆ. ನಾನೂ ಮೊದಲು ಅದನ್ನೇ ಮಾಡಿದ್ದೆ.

ಮಗು ಕುಡಿದು ಮುಗಿಸಿದ ತಕ್ಷಣ, ಉಳಿದ ಹಾಲು ಎಷ್ಟೇ ಇರಲಿ ಚೆಲ್ಲಿ, ಬಾಟಲಿ, ಬಳೆ, ನಿಪ್ಪಲ್ ಮೂರನ್ನೂ ಬಿಡಿಸಿ ತಣ್ಣೀರಲ್ಲಿ ಗಲಬರಿಸಿ ಇಡುವುದು. ರಾತ್ರಿ ಹೊತ್ತು ಇಷ್ಟೇ ಮಾಡಿ ಮಲಗುತ್ತಿದ್ದೆ, ಹಾಲು ಒಣಗದಿದ್ದರೆ ಬೆಳಿಗ್ಗೆ ಅರ್ಧ ಕೆಲಸ ಕಡಿಮೆ. ಆಮೇಲೆ ಇದಕ್ಕೆಂದೇ ಇಟ್ಟ ಬೋಗುಣಿಯಲ್ಲಿ ಬಿಸಿನೀರು, ಪಾತ್ರೆ ತೊಳೆಯುವ ಸೋಪಿನ ದ್ರವ ಎರಡು ಹನಿ. ಸಿಂಕಿನಲ್ಲಿ ತೊಳೆಯುತ್ತಿರಲಿಲ್ಲ, ಮನೆಯ ಪಾತ್ರೆ ಉಜ್ಜುವ ನಾರನ್ನೂ ಮುಟ್ಟಿಸಲಿಲ್ಲ. ನಿಪ್ಪಲಿಗೆ ಸಣ್ಣ ಬ್ರಷ್ ಬೇರೆ. ಮೊದಲು ಹೊರಗೆ, ನಂತರ ಮಗುಚಿ ಒಳಗೆ, ಕೊನೆಗೆ ಬಳೆ ಕೂರುವ ತೋಡಿನ ಸುತ್ತ. ಮಗುಚಿದ್ದನ್ನು ಸರಿ ಮಾಡಿ, ನೀರು ತುಂಬಿ, ಹೆಬ್ಬೆರಳಲ್ಲಿ ಬಾಯಿ ಮುಚ್ಚಿ ಒತ್ತಿದರೆ ತುದಿಯ ತೂತಿನಿಂದ ಎಳೆಯಾಗಿ ನೀರು ಚಿಮ್ಮಬೇಕು. ಚಿಮ್ಮದೆ ಹನಿ ಹನಿ ಬಿದ್ದರೆ ತೂತಿನಲ್ಲಿ ಹಾಲಿನ ಗಟ್ಟಿ ಸಿಕ್ಕಿಕೊಂಡಿದೆ ಎಂದರ್ಥ. ಕೈಯಲ್ಲಿ ಮುಟ್ಟಿದರೆ ಕಿರ್ ಎನ್ನಬೇಕು, ಜಾರಬಾರದು.

ಕುದಿಸಲು ಬೋರ್ ನೀರು ಬಿಟ್ಟು, ಊರ ಮುಂದಿನ ಫಿಲ್ಟರ್ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರು ಬಳಸಿದೆ. ಸುಣ್ಣ ಕಟ್ಟುವುದು ಗಣನೀಯವಾಗಿ ಕಡಿಮೆಯಾಯಿತು. ದೊಡ್ಡ ಸ್ಟೀಲ್ ಪಾತ್ರೆಯ ತಳಕ್ಕೆ ಒಂದು ಇಡ್ಲಿ ತಟ್ಟೆ ಮಗುಚಿ ಇಟ್ಟು, ಅದರ ಮೇಲೆ ನಿಪ್ಪಲ್‌ಗಳು. ತಳಕ್ಕೆ ನೇರ ತಾಗಿದರೆ ಸಿಲಿಕೋನ್ ಸೊಟ್ಟಗಾಗುತ್ತದೆ. ನಿಪ್ಪಲ್ ನೀರಿನಲ್ಲಿ ಮುಳುಗಿದ ಹಾಗೆ ಕಂಡರೂ ಒಳಗೆ ಗಾಳಿ ಸಿಕ್ಕಿಕೊಂಡು ತೇಲುತ್ತಿರುತ್ತದೆ, ಆ ಗಾಳಿಯ ಜಾಗಕ್ಕೆ ಕುದಿನೀರು ಮುಟ್ಟುವುದಿಲ್ಲ. ಚಮಚದಲ್ಲಿ ಒತ್ತಿ ಗುಳ್ಳೆ ಬಿಡಿಸಿ ಮುಳುಗಿಸಬೇಕು. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಗಡಿಯಾರ ನೋಡಿ ಹತ್ತು ನಿಮಿಷ. ಪಾತ್ರೆ ಒಲೆಯ ಮೇಲಿಟ್ಟ ಹೊತ್ತಿನಿಂದ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೀಗೆ ಕುದಿಸಿದರೆ ದಿನದ ಆರೂ ಸಿದ್ಧ.

ಮುಚ್ಚಳ ಮುಚ್ಚಿ ಅದೇ ಪಾತ್ರೆಯಲ್ಲಿ ಆರಲು ಬಿಟ್ಟು, ನೀರು ಬಸಿದು, ಮುಚ್ಚಿಯೇ ಇಡುತ್ತಿದ್ದೆ. ಬೇಕಾದಾಗ ಜೊತೆಗೇ ಕುದಿಸಿದ ಇಕ್ಕಳದಿಂದ ಒಂದನ್ನು ತೆಗೆಯುವುದು. ಇಲ್ಲೊಂದು ದಿನ ಅಮ್ಮ ಪ್ರೀತಿಯಿಂದ ನಿಪ್ಪಲನ್ನು ಸೆರಗಿನಲ್ಲಿ ಒರೆಸಿ ಬಾಟಲಿಗೆ ಹಾಕಿದರು. ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ತೆಗೆದೆ. ಅಮ್ಮನಿಗೆ ಸ್ವಲ್ಪ ಬೇಸರವಾಯಿತು, ನನಗೂ ಆಯಿತು, ಆದರೆ ಕುದಿಸಿದ್ದನ್ನು ಬಟ್ಟೆಗೆ ಮುಟ್ಟಿಸಿದರೆ ಕುದಿಸದ ಹಾಗೆಯೇ. ಹಾಗೆಯೇ ಹಾಲು ಎಷ್ಟು ಬಿಸಿಯಿದೆ ಎಂದು ನಿಪ್ಪಲನ್ನು ತಾವು ಬಾಯಿಗಿಟ್ಟು ನೋಡುವ ಅಭ್ಯಾಸವನ್ನೂ ಬಿಡಿಸಿದೆ, ಮುಂಗೈ ಮೇಲೆ ಎರಡು ಹನಿ ಬಿಟ್ಟು ನೋಡಿದರೆ ಗೊತ್ತಾಗುತ್ತದೆ.

ಫಿಲ್ಟರ್ ನೀರಿದ್ದರೂ ನಾಲ್ಕೈದು ದಿನಕ್ಕೆ ತೆಳು ಬಿಳಿ ಮಬ್ಬು ಕಾಣುತ್ತಿತ್ತು. ಒಂದು ಲೋಟ ನೀರಿಗೆ ಒಂದು ನಿಂಬೆಹಣ್ಣು ಹಿಂಡಿ ಅರ್ಧ ಗಂಟೆ ನೆನೆಹಾಕಿದರೆ ಸುಣ್ಣ ಬಿಡುತ್ತದೆ. ಹುಳಿ ಹೋಗುವವರೆಗೆ ತೊಳೆದು, ಎಂದಿನಂತೆ ಕುದಿಸುವುದು. ನಿಂಬೆರಸ ಸುಣ್ಣ ಬಿಡಿಸಲು ಮಾತ್ರ, ಫಂಗಸ್ ಸಾಯಿಸಲು ಅದನ್ನು ನಂಬಬಾರದು.

ಮೇಡಂ ಇನ್ನೊಂದು ದಾರಿಯನ್ನೂ ಹೇಳಿದ್ದರು. ಬಾಟಲಿಯನ್ನೇ ಬಿಟ್ಟು ಒಳಲೆಯಲ್ಲಿ ಕುಡಿಸುವುದು. ಸ್ಟೀಲಿನ ಒಳಲೆಗೆ ಮೂಲೆಯಿಲ್ಲ, ತೂತಿಲ್ಲ, ಒಂದು ನೋಟಕ್ಕೆ ಶುಭ್ರವಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಹಗಲು ಅಮ್ಮ ಜೊತೆಗಿದ್ದಾಗ ಎರಡು ಸಲ ಒಳಲೆಯಲ್ಲೇ ಕುಡಿಸಿದೆವು. ನನ್ನ ಅಭಿಪ್ರಾಯ ಕೇಳಿದರೆ, ನಿಧಾನ ಮಾಡುವ ಸಮಯ ಇರುವವರಿಗೆ ಅದೇ ಒಳ್ಳೆಯದು. ರಾತ್ರಿ ಒಬ್ಬಳೇ ಇರುವಾಗ ನನ್ನಿಂದ ಆಗಲಿಲ್ಲ.

ಎರಡನೇ ಸಲ ಬಿಳಿ ಹೋಗಲು ಆರು ದಿನ ಬೇಕಾಯಿತು. ಮೂರನೇ ದಿನವೇ ಮಗು ನಿಪ್ಪಲ್ ಬಿಡದೆ ಪೂರ್ತಿ ಕುಡಿಯಿತು, ಬಾಯಿಯ ಉರಿ ಕಡಿಮೆಯಾಗಿದೆ ಎನ್ನುವುದು ನನಗೆ ಮೊದಲು ತಿಳಿದದ್ದು ಅದರಿಂದ. ನನ್ನ ಚುಚ್ಚುನೋವೂ ನಾಲ್ಕನೇ ದಿನಕ್ಕೆ ಇಳಿಯಿತು. ಆರನೇ ದಿನ ಬಾಯಿ ಶುಭ್ರವಾಗಿ ಕಂಡರೂ ಈ ಸಲ ನಿಲ್ಲಿಸಲಿಲ್ಲ. ಬಿಳಿ ಪೂರ್ತಿ ಹೋದ ಮೇಲೂ ಎರಡು ದಿನ, ಅಂದರೆ 48 ಗಂಟೆ ಹಾಕಬೇಕು ಎಂದು ಮೇಡಂ ಚೀಟಿಯಲ್ಲೇ ಬರೆದಿದ್ದರು. ಕಣ್ಣಿಗೆ ಕಾಣದಷ್ಟು ಉಳಿದಿರುವ ಫಂಗಸ್ಸಿಗೆ ಆ ಎರಡು ದಿನ. ಲೆಕ್ಕ ನೋಡಿ, ದಿನಕ್ಕೆ 4 ಎಂಎಲ್‌ನಂತೆ ಎಂಟು ದಿನಕ್ಕೆ 32 ಎಂಎಲ್. ನಮಗೆ ಸಿಕ್ಕ ಶೀಸೆಯಲ್ಲಿ ಇದ್ದದ್ದು 30. ಎಂಟನೇ ದಿನ ಹನ್ನೊಂದರ ಹೊತ್ತಿನದಕ್ಕೆ ಶೀಸೆ ಖಾಲಿ, ಸಂಜೆ ನಾಲ್ಕರ ಹೊತ್ತಿನದಕ್ಕೆ ಇನ್ನೊಂದು ಶೀಸೆ ಒಡೆಯಬೇಕಾಯಿತು. ಶೀಸೆ ಮುಗಿಯಿತು ಎಂದು ಬಿಡುವ ಹಾಗಿಲ್ಲ, ಬಾಯಿ ನೋಡಿ ಬಿಡಬೇಕು. ನನ್ನ ಮುಲಾಮನ್ನೂ ಅವತ್ತಿನವರೆಗೆ ಮುಂದುವರಿಸಿದೆ. ರವಿಕೆ, ಒಳಉಡುಪು, ಎದೆಗಿಡುವ ಬಟ್ಟೆಗಳನ್ನು ದಿನವೂ ಬಿಸಿನೀರಲ್ಲಿ ಒಗೆದು ಉರಿಬಿಸಿಲಿಗೆ ಹಾಕುತ್ತಿದ್ದೆವು.

ಯಾವಾಗ ಕಾಯದೆ ವಾಪಸ್ ಬರಬೇಕು ಎಂದೂ ಅವರು ಹೇಳಿ ಕಳಿಸಿದ್ದರು. ಏಳು ದಿನ ಸರಿಯಾಗಿ ಹಾಕಿದರೂ ಕಡಿಮೆಯಾಗದಿದ್ದರೆ, ಸರಿಹೋದದ್ದು ಮತ್ತೆ ಮತ್ತೆ ಬರುತ್ತಿದ್ದರೆ, ಮಗು ಹಾಲನ್ನೇ ಬಿಟ್ಟರೆ, ಉಚ್ಚೆ ಮಾಡುವುದು ಕಡಿಮೆಯಾದರೆ, ಜ್ವರ ಬಂದರೆ. ಉಚ್ಚೆಯ ಲೆಕ್ಕವನ್ನು ನಾನು ಕ್ಯಾಲೆಂಡರಿನ ಅಂಚಿನಲ್ಲಿ ಗೆರೆ ಎಳೆದು ಇಡುತ್ತಿದ್ದೆ. ಅತ್ತು ಅತ್ತು ಹಾಲು ಬಿಟ್ಟ ಆ ಎರಡು ದಿನ ಗೆರೆ ನಾಲ್ಕಕ್ಕೆ ಇಳಿದಿತ್ತು. ಔಷಧಿಯ ಮೂರನೇ ದಿನದಿಂದ ಏಳು, ಎಂಟು.

ಹತ್ತನೇ ವಾರದ ಲಸಿಕೆಗೆ ಊರಿನ ಉಪಕೇಂದ್ರಕ್ಕೆ ಹೋದಾಗ ಔಷಧಿ ನಿಂತು ಮೂರು ದಿನವಾಗಿತ್ತು. ಸಿಸ್ಟರ್ ಪೋಲಿಯೋ ಹನಿ ಹಾಕಲು ಬಾಯಿ ತೆರೆಸಿದಾಗ ನಾನೂ ಬಗ್ಗಿ ನೋಡಿದೆ. ನಾಲಿಗೆ, ಕೆನ್ನೆ, ತುಟಿಯ ಹಿಂದೆ, ಎಲ್ಲ ಗುಲಾಬಿ. ಎರಡು ಹನಿ ಬಿದ್ದವು. ಪಾಪು ನುಂಗದೆ, ದಿನವೂ ಹಳದಿ ಹನಿಗೆ ಮಾಡುತ್ತಿದ್ದ ಹಾಗೆಯೇ, ಕೆನ್ನೆಯನ್ನು ನನ್ನ ಕೈಗೆ ಒತ್ತಿ ಇನ್ನೊಂದು ಕಡೆಗೂ ಹಾಕುತ್ತೇನೆಂದು ಬಾಯಿ ಚಪ್ಪರಿಸುತ್ತ ಕಾಯಿತು.